ಬಾಗಿಲ ಹಿಂದಿನ ಹಿಮೋಗ್ಲೋಬಿನ್

ಕಳೆದ ತಿಂಗಳು ನಮ್ಮ ನರ್ಸಿಂಗ್ ಶಾಲೆಯ ಹಳೆಯ ಕಪಾಟನ್ನು ಖಾಲಿ ಮಾಡುವಾಗ ನನ್ನ ವಿರುದ್ಧ ಒಂದು ಸಾಕ್ಷಿ ಸಿಕ್ಕಿತು. ಕಂದು ಕಾಗದದ ಹೊದಿಕೆ ಹಾಕಿದ, ಮೂಲೆ ಮಡಚಿದ, ಯಾವುದೋ ವಿದ್ಯಾರ್ಥಿನಿ ಬಿಟ್ಟುಹೋದ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ. ನಾನು ಆರು ವರ್ಷಗಳಿಂದ ಪ್ರತಿ ಹೊಸ ಬ್ಯಾಚಿಗೂ ನನ್ನ ಸಾಹಸವೆಂದು ಹೇಳುತ್ತ ಬಂದಿದ್ದ ಒಂದು ದಿನದ ವಿವರ ಅದರಲ್ಲಿತ್ತು. ಅಲ್ಲಿ ಸಾಹಸ ನನ್ನದಾಗಿರಲಿಲ್ಲ. ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 'ಚೆನ್ನಾಗಿದೆ' ಎಂದು ಬರೆದು ಸಹಿ ಮಾಡಿದವನು ಮಾತ್ರ ನಾನೇ.

ನಾನು ಧಾರವಾಡದಲ್ಲಿ ಜೀವರಸಾಯನ ಶಾಸ್ತ್ರ ಓದಿದವನು. ಬೈಲಹೊಂಗಲಕ್ಕೆ ಒಂದು ವರ್ಷಕ್ಕೆಂದು ಬಂದೆ. ಪ್ರತಿ ಜೂನ್‌ನಲ್ಲೂ ಬಿಟ್ಟುಹೋಗುವ ಅರ್ಜಿ ಬರೆಯುತ್ತೇನೆ, ಪ್ರತಿ ಜುಲೈನಲ್ಲಿ ಹೊಸ ಹುಡುಗಿಯರು ಬಂದು ಬೆಂಚಿನ ಮೇಲೆ ಕೂರುತ್ತಾರೆ, ಅರ್ಜಿ ಕಿಸೆಯಲ್ಲೇ ಉಳಿಯುತ್ತದೆ. ಯಾರು ಏನು ಹೇಳಿದರೂ ಪುರಾವೆ ಕೇಳುವುದು ನನ್ನ ಹಳೆಯ ಚಟ. ಆ ಚಟವನ್ನು ನನ್ನ ನೆನಪಿನ ಮೇಲೆ ಒಮ್ಮೆಯೂ ಪ್ರಯೋಗಿಸಿರಲಿಲ್ಲ ಎಂಬುದು ಈ ಪುಸ್ತಕ ಸಿಕ್ಕ ಮೇಲೆ ಹೊಳೆಯಿತು.

ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಅಂಕಿಗಳೆಲ್ಲ ಆ ರೆಕಾರ್ಡಿನವು. ಉಳಿದದ್ದು ನನ್ನದು, ಅದನ್ನು ಅಷ್ಟರಮಟ್ಟಿಗೆ ನಂಬಿದರೆ ಸಾಕು.

ಶಾಲೆಯ ಹಿಂದಿನ ಓಣಿಯಲ್ಲಿ ಒಂದು ರೊಟ್ಟಿ ಖಾನಾವಳಿ ಇದೆ. ಅದನ್ನು ನಡೆಸುವವಳನ್ನು ಹುಡುಗಿಯರೆಲ್ಲ ಕಾಕೂ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಆಕೆಗೆ ಆಗ ನಲವತ್ತು ದಾಟಿರಬೇಕು. ಗಂಡ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಮೇಲೆ ಕಬ್ಬು ಹೇರಿಕೊಂಡು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೋಗುವವನು. ಬೆಳಗ್ಗೆ ಏಳಕ್ಕೆ ಶುರುವಾದ ರೊಟ್ಟಿ ಬಡಿಯುವ ಸದ್ದು ಹನ್ನೆರಡಾದರೂ ನಿಲ್ಲುತ್ತಿರಲಿಲ್ಲ. ಮಧ್ಯೆ ಮಧ್ಯೆ ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ರೆಪ್ಪೆಯ ಒಳಬದಿ ಬಿಳಿಚಿ, ಉಗುರು ಚಪ್ಪಟೆಯಾಗಿ, ನಾಲಿಗೆ ನುಣುಪಾಗಿ, ರಕ್ತಹೀನತೆಯ ಪಾಠಕ್ಕೆ ಬೇಕಾದದ್ದೆಲ್ಲ ಒಬ್ಬಳಲ್ಲೇ ಇತ್ತು. ಹುಡುಗಿಯರು ಕಂಡುಹಿಡಿದದ್ದೂ ಹಾಗೇ. ಊಟಕ್ಕೆ ಹೋದವರು ತಾಟು ಮರೆತು ಆಕೆಯ ರೆಪ್ಪೆ ಎಳೆದು ನೋಡಿದರು.

ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆಯ ಪಾಠ ಬಂದಾಗಲೆಲ್ಲ ಕಾಕೂ ತಾನಾಗಿಯೇ ತೋಳು ಕೊಡುತ್ತಿದ್ದಳು. ನೇರಳೆ ಮುಚ್ಚಳದ ಟ್ಯೂಬಿಗೆ ಎರಡು ಮಿಲಿ ರಕ್ತ. ಹೆಪ್ಪುಗಟ್ಟದ ಹಾಗೆ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಬುಡಮೇಲು ಮಾಡಬೇಕು, ಅಲುಗಾಡಿಸಬಾರದು.

"ಮಜ್ಜಿಗಿ ಕಡದಂಗ ಕಡೀಬ್ಯಾಡವಾ, ಅದು ನನ್ನ ರಕ್ತ," ಎಂದು ಕಾಕೂ ಕೂಗುತ್ತಿದ್ದಳು.

"ಕಡದ್ರ ಕಣಾ ಒಡೀತಾವ್ರಿ ಕಾಕೂ, ನಮಗ ಗೊತ್ತೈತಿ."

"ಗೊತ್ತಿದ್ರ ಮತ್ತ ಯಾಕ ಹಂಗ ಕುಣಸ್ತಿ?"

ರಿಪೋರ್ಟು ಬಂದ ಮೇಲೆ ಅದರ ಹಿಮೋಗ್ಲೋಬಿನ್ ಅಂಕಿಯನ್ನು ಅಡುಗೆಮನೆಯ ಬಾಗಿಲ ಹಿಂಬದಿಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. 9.0, 8.8, 9.3, 9.2. ಮಕ್ಕಳ ಎತ್ತರವನ್ನು ಗೋಡೆಗೆ ಗೀಟು ಹಾಕಿ ಗುರುತಿಸುವ ಹಾಗೆ, ಆದರೆ ಇಲ್ಲಿ ಮಗು ಬೆಳೆಯುತ್ತಲೇ ಇರಲಿಲ್ಲ. ಕಬ್ಬಿಣದ ಗುಳಿಗೆ ಕೊಡಿಸಿದ್ದೆವು. ಹೆಂಗಸರಿಗೆ ಇರಬೇಕಾದ ಹನ್ನೆರಡು ದಾಟಿದ ದಿನ ಹೋಳಿಗೆ ಮಾಡಿಸುವುದಾಗಿ ಕಾಕೂ ಮಾತು ಕೊಟ್ಟಿದ್ದಳು. ಯಾವ ಬ್ಯಾಚಿಗೂ ಆ ಹೋಳಿಗೆ ಸಿಕ್ಕಿರಲಿಲ್ಲ.

ಆರು ವರ್ಷದ ಹಿಂದಿನ ಆ ಬ್ಯಾಚಿನಲ್ಲಿ ಉಗರಗೋಳದ ಒಬ್ಬ ಹುಡುಗಿ ಇದ್ದಳು, ಕಪಾಟಿನಲ್ಲಿ ಸಿಕ್ಕ ರೆಕಾರ್ಡು ಆಕೆಯದೇ. ಅವರದು ಎಲ್ಲಮ್ಮನ ಗುಡ್ಡಕ್ಕೆ ಬರುವವರಿಗೆ ಭಂಡಾರ, ಬಳೆ, ಕಾಯಿ ಮಾರುವ ಅಂಗಡಿ. ನಿಧಾನದ ಹುಡುಗಿ. ಪ್ರಶ್ನೆ ಕೇಳಿದರೆ ಉತ್ತರ ಹೇಳುವಷ್ಟರಲ್ಲಿ ಬೇರೆಯವರು ಹೇಳಿ ಮುಗಿಸಿರುತ್ತಿದ್ದರು. ನಾನು ಆಕೆಯನ್ನು ಅಷ್ಟಾಗಿ ಗಮನಿಸಿರಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲರೂ ಹಿಮೋಗ್ಲೋಬಿನ್ ಒಂದನ್ನು ಬಾಗಿಲಿಗೆ ಬರೆದು ಮುಗಿಸಿದರೆ, ಈಕೆ ಮಾತ್ರ ಕಾಕೂವಿನ ರಿಪೋರ್ಟನ್ನು ಮೊದಲಿಂದ ಕೊನೆಯವರೆಗೆ ತನ್ನ ರೆಕಾರ್ಡಿನಲ್ಲಿ ನಕಲು ಮಾಡಿಕೊಂಡಿದ್ದಳು.

ಆ ಪುಟದಲ್ಲಿ ಇರುವುದು ಇಷ್ಟು. ಹಿಮೋಗ್ಲೋಬಿನ್ 9.2. ಕೆಂಪು ಕಣಗಳ ಎಣಿಕೆ 4.15 ಮಿಲಿಯನ್. ಪಿಸಿವಿ 28.2, ಅಂದರೆ ರಕ್ತದ ನೂರು ಪಾಲಿನಲ್ಲಿ ಕೆಂಪು ಕಣಗಳು ತುಂಬುವ ಪಾಲು ಇಪ್ಪತ್ತೆಂಟು. ಎಂಸಿವಿ 68, ಅದು ಒಂದೊಂದು ಕಣದ ಗಾತ್ರ. ಎಂಬತ್ತರ ಮೇಲಿರಬೇಕಾದದ್ದು ಅರವತ್ತೆಂಟು ಎಂದರೆ ಕಣಗಳು ಸಣ್ಣವು. ಕಬ್ಬಿಣ ಸಾಲದೆ ಹುಟ್ಟಿದ ಕಣಗಳು ಹೀಗೆಯೇ ಸಣ್ಣಗೆ, ಬಿಳಿಚಿಕೊಂಡು ಇರುತ್ತವೆ.

ರಿಪೋರ್ಟನ್ನು ಮೇಲಿನಿಂದ ಕೆಳಗೆ ಪಾಠ ಒಪ್ಪಿಸಿದ ಹಾಗೆ ಓದಬೇಡಿ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಮೂರು ಗುಂಪು ಮಾಡಿ: ಕೆಂಪು, ಬಿಳಿ, ಪ್ಲೇಟ್‌ಲೆಟ್. ಒಂದೊಂದು ಗುಂಪಿಗೂ ನಿಮ್ಮ ಕೈಯಲ್ಲಿರುವ ಕೆಲಸ ಯಾವುದು ಎಂದು ಕೇಳಿಕೊಳ್ಳಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ರೋಗಿ ಹಾಸಿಗೆಯಿಂದ ಏಳುವಾಗ ತಲೆ ಸುತ್ತಿ ಬೀಳಬಹುದು, ಪಕ್ಕದಲ್ಲಿ ನಿಲ್ಲಿ. ಬಿಳಿ ಕಣ ಏರಿದ್ದರೆ ಸೋಂಕು ಎಲ್ಲಿದೆ ಹುಡುಕಿ, ಗಾಯದ ಪಟ್ಟಿ ಬಿಚ್ಚಿ ನೋಡಿ. ತೀರ ಇಳಿದಿದ್ದರೆ ನೆಗಡಿಯಾದ ನೆಂಟರನ್ನು ದೂರವಿಡಿ. ಪ್ಲೇಟ್‌ಲೆಟ್ ಇಳಿದಿದ್ದರೆ ಸೊಂಟಕ್ಕೆ ಸೂಜಿ ಬೇಡ, ಒಸಡು ನೋಡಿ, ಮಲ ಕಪ್ಪಾಗಿದೆಯೇ ಕೇಳಿ. ಇದನ್ನು ಚೆನ್ನಾಗಿಯೇ ಹೇಳುತ್ತಿದ್ದೆ ಎಂದುಕೊಂಡಿದ್ದೇನೆ. ಹುಡುಗಿಯರ ರೆಕಾರ್ಡುಗಳಲ್ಲಿ ಇದೇ ಕ್ರಮವಿರುವುದರಿಂದ ಇಷ್ಟನ್ನು ನಂಬಬಹುದು.

ಎರಡು ತಿಂಗಳಾದ ಮೇಲೆ ಕಾಕೂಗೆ ಜ್ವರ ಬಂತು. ಮಳೆಗಾಲ ಮುಗಿಯುತ್ತಿದ್ದ ಹೊತ್ತು, ಕಾರ್ಖಾನೆ ಇನ್ನೂ ಶುರುವಾಗಿರಲಿಲ್ಲ. ಓಣಿಯಲ್ಲಿ ಮೂರು ನಾಲ್ಕು ಮನೆಗಳಲ್ಲಿ ಡೆಂಗಿ ಇತ್ತು. ಹುಡುಗಿಯರು ದಿನವೂ ಆಸ್ಪತ್ರೆಗೆ ಬನ್ನಿ ಎಂದರು. ಆಕೆ ಜ್ವರದ ಗುಳಿಗೆ ನುಂಗಿ, ತಲೆಗೆ ಬಟ್ಟೆ ಕಟ್ಟಿಕೊಂಡು ರೊಟ್ಟಿ ಬಡಿದಳು. ಐದನೆಯ ದಿನ ಬೆಳಗ್ಗೆ ಮೈ ತಣ್ಣಗಾಯಿತು. "ನೋಡ್ರಿ, ಜ್ವರ ಹೋತು," ಎಂದಳಂತೆ. ಅಂದವಳು ಎರಡು ಸಲ ವಾಂತಿ ಮಾಡಿಕೊಂಡಳು, ಹೊಟ್ಟೆ ನೋಯುತ್ತಿದೆ ಎಂದು ಹಿಟ್ಟಿನ ಡಬ್ಬಿಗೆ ಒರಗಿ ಕುಳಿತಳು. ಉಗರಗೋಳದ ಹುಡುಗಿ ಮತ್ತು ಇನ್ನಿಬ್ಬರು ಆಕೆಯನ್ನು ಆಟೋದಲ್ಲಿ ಹಾಕಿಕೊಂಡು, ತಮ್ಮ ಪೋಸ್ಟಿಂಗ್ ಇದ್ದ ತಾಲೂಕು ಆಸ್ಪತ್ರೆಗೆ ಕರೆದೊಯ್ದರು.

ನನ್ನ ನೆನಪಿನಲ್ಲಿ ಆ ದಿನ ಜೋರು ಮಳೆ. ಛತ್ರಿ ಮಡಚುತ್ತ ವಾರ್ಡಿನೊಳಗೆ ಬರುವ ನನ್ನನ್ನು ನಾನೇ ಕಾಣಬಲ್ಲೆ. ರೆಕಾರ್ಡಿನಲ್ಲಿ ಆಟೋದವನು ಧೂಳಿಗೆ ಮುಖ ಮುಚ್ಚಿಕೊಂಡಿದ್ದನೆಂಬ ಮಾತಿದೆ. ಹೀಗೆ ಛತ್ರಿ ಹೋಯಿತು.

ನಾನು ಹೋದಾಗ ಹನ್ನೊಂದು ಗಂಟೆ. ಡೆಂಗಿ ಪರೀಕ್ಷೆ ಪಾಸಿಟಿವ್ ಎಂದು ಬಂದಿತ್ತು, ಕಾಕೂವನ್ನು ಹೆಂಗಸರ ವಾರ್ಡಿನಲ್ಲಿ ಸೊಳ್ಳೆಪರದೆಯ ಕೆಳಗೆ ಮಲಗಿಸಿದ್ದರು. ಸಿಬಿಸಿ ಆಗ ತಾನೇ ಹುಡುಗಿಯರ ಕೈಗೆ ಬಂದಿತ್ತು. ವಾರ್ಡು ಗಂಭೀರವಾಗಿರಬೇಕಾದ ಹೊತ್ತಿನಲ್ಲಿ ಅವರು ಕುಣಿಯುತ್ತಿದ್ದರು.

"ಸರ್ರ, ಕಾಕೂ ಪಾಸ್ ಆದ್ರು! ಹನ್ನೆರಡು ಪಾಯಿಂಟ್ ಆರು!"

"ಹೋಳಿಗಿ ತಯಾರ ಮಾಡಸ್ರಿ ಕಾಕೂ. ಮಾತ ತಪ್ಪಂಗಿಲ್ಲ."

ಕಾಕೂ ಪರದೆಯೊಳಗಿಂದ ಕೈ ಎತ್ತಿದಳು. "ಹೋಳಿಗಿ ಮಾಡಾಕ ಎದ್ದ ನಿಂದ್ರಬೇಕಲ್ಲವಾ, ಹೊಟ್ಟಿ ಹಿಂಡಾಕತ್ತೈತಿ."

ಒಬ್ಬಳು ಆಗಲೇ ಖಾನಾವಳಿಗೆ ಫೋನು ಮಾಡಿ, ಅಲ್ಲಿ ಊಟಕ್ಕೆ ಕಾಯುತ್ತಿದ್ದ ಗೆಳತಿಗೆ ಬಾಗಿಲ ಮೇಲೆ ಬರೆಯಲು ಹೇಳಿದ್ದಳು.

ನಾನು ರಿಪೋರ್ಟು ತೆಗೆದುಕೊಂಡೆ. ಬಿಳಿ ಕಣ 2,800, ಕಡಿಮೆ. ಪ್ಲೇಟ್‌ಲೆಟ್ 54,000, ಕಡಿಮೆ. ಎರಡೂ ಡೆಂಗಿಯಲ್ಲಿ ನಿರೀಕ್ಷಿಸುವಂಥವೇ. ಹಿಮೋಗ್ಲೋಬಿನ್ 12.6, ಪಿಸಿವಿ 38.6. ಹೆಂಗಸರಿಗೆ ಮುದ್ರಿಸಿದ ಮಿತಿಯೊಳಗೇ ಇದ್ದುದರಿಂದ ಯಂತ್ರ ಅವುಗಳ ಮುಂದೆ ಯಾವ ಗುರುತನ್ನೂ ಹಾಕಿರಲಿಲ್ಲ. ಎಂಸಿವಿ 68, ಕಡಿಮೆ. ಕೆಂಪು ಕಣದ ಎಣಿಕೆ ಒಂದರ ಮುಂದೆ ಮಾತ್ರ ಹೆಚ್ಚು ಎಂಬ ಗುರುತು: 5.68.

ನಾನು ಈವರೆಗೆ ಹೇಳುತ್ತಿದ್ದ ಕಥೆಯಲ್ಲಿ, ಇಲ್ಲಿ ನಾನು ಹುಬ್ಬು ಗಂಟಿಕ್ಕಿ, "ನಗುವುದನ್ನು ನಿಲ್ಲಿಸಿ, ಹೋಗಿ ಬಿಪಿ ನೋಡಿ" ಎನ್ನುತ್ತೇನೆ. ಅದರಲ್ಲಿ ನನ್ನ ಧ್ವನಿ ಬಹಳ ಚೆನ್ನಾಗಿದೆ.

ರೆಕಾರ್ಡಿನಲ್ಲಿ ಬರೆದದ್ದು ಬೇರೆ: 'ಎಂಸಿವಿಯನ್ನು ಕೆಂಪು ಕಣದ ಎಣಿಕೆಯಿಂದ ಭಾಗಿಸಿದರೆ ಹದಿಮೂರಕ್ಕಿಂತ ಕಡಿಮೆ ಬಂದಿತು. ಹೀಗೆ ಬಂದರೆ ಥಲಸೀಮಿಯಾ ವಂಶವಾಹಿ ಇರಬಹುದೆಂದು ಸರ್ ಹೇಳಿದರು.'

ಓದಿದ ಕೂಡಲೇ ಕಿಟಕಿಯೊಂದು ತೆರೆದಂತಾಯಿತು. ಹೌದು, ಹೇಳಿದ್ದೆ. ಕಣ ಸಣ್ಣವು, ಸಂಖ್ಯೆ ಹೆಚ್ಚು, ಭಾಗಿಸಿದರೆ ಹನ್ನೆರಡು. ಪುಸ್ತಕದಲ್ಲಿದ್ದ ಸೂತ್ರವೊಂದು ಕಣ್ಣೆದುರು ನಿಂತದ್ದಕ್ಕೆ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ ಕಾಗದ ಹರಡಿ, ಕಬ್ಬಿಣದ ಕೊರತೆಗೂ, ಹುಟ್ಟಿನಿಂದಲೇ ಬರುವ ರಕ್ತದೋಷವಾದ ಥಲಸೀಮಿಯಾಕ್ಕೂ ಇರುವ ವ್ಯತ್ಯಾಸದ ಪಾಠವನ್ನೇ ಶುರು ಮಾಡಿದ್ದೆ. ಹತ್ತು ಹೆಜ್ಜೆ ಆಚೆ ಕಾಕೂ ಮಲಗಿದ್ದಳು. ನಾನು ಆಕೆಯ ಕಡೆ ಬೆನ್ನು ಹಾಕಿ ನಿಂತಿದ್ದೆ. ಇದು ಈಗ ನೆನಪಾಗುತ್ತಿದೆಯೇ ಅಥವಾ ರೆಕಾರ್ಡು ಓದಿ ಕಟ್ಟಿಕೊಳ್ಳುತ್ತಿದ್ದೇನೆಯೇ, ಹೇಳಲಾರೆ. ಬೆನ್ನು ಹಾಕಿದ್ದಂತೂ ನನ್ನ ಸ್ವಭಾವಕ್ಕೆ ಹೊಂದುತ್ತದೆ.

ಉಗರಗೋಳದ ಹುಡುಗಿ ತನ್ನ ರೆಕಾರ್ಡು ತೆರೆದು ಹಳೆಯ ರಿಪೋರ್ಟಿನ ಪುಟವನ್ನು ಹೊಸದರ ಪಕ್ಕಕ್ಕಿಟ್ಟಳು.

"ಸರ್ರ, ಎರಡ ತಿಂಗಳದ ಹಿಂದ ಭಾಗಿಸಿದ್ರ ಹದಿನಾರ ಬರತೈತ್ರಿ. ಹುಟ್ಟಿಂದ ಬಂದದ್ದು ಎರಡ ತಿಂಗಳದಾಗ ಬದಲಿ ಆಗತೈತೇನ್ರಿ?"

"ಕಬ್ಬಿಣದ ಗುಳಿಗೆ ತಗೊಂಡಿದ್ದಾರಲ್ಲ," ಎಂದೆ. "ಕಣ ಹೆಚ್ಚಾಗಿರಬೇಕು."

"ಗುಳಿಗಿಯಿಂದ ಹೆಚ್ಚಾಗಿದ್ರ ಹೊಸಾ ಕಣಾ ದೊಡ್ಡೂ ಬರಬೇಕಲ್ರಿ? ಎಂಸಿವಿ ಅಷ್ಟ ಐತಿ, ಅರವತ್ತೆಂಟ." ಬೆರಳು ಎರಡೂ ಪುಟಗಳ ಮೇಲೆ ನಿಂತಿತ್ತು. "ಕಣಾ ಹೆಚ್ಚಾಗಿಲ್ರಿ ಸರ. ನೀರ ಕಡಿಮಿ ಆಗೇತಿ. ಸಾರು ಕುದ್ದು ಬತ್ತಿದ್ರ ಬ್ಯಾಳಿ ಹೆಚ್ಚ ಕಾಣತೈತಲ್ರಿ, ಹಂಗ."

ಮೂವತ್ತೆಂಟು ಪಾಯಿಂಟ್ ಆರು ಎಂಬ ಪಿಸಿವಿ ಬೇರೆ ಹೆಂಗಸಿಗೆ ಆರೋಗ್ಯ. ಇಪ್ಪತ್ತೆಂಟರಲ್ಲೇ ಬದುಕಿದ ಕಾಕೂಗೆ ಅದು ಮೂರನೇ ಒಂದು ಪಾಲಿಗಿಂತ ಹೆಚ್ಚು ಏರಿಕೆ. ಡೆಂಗಿಯಲ್ಲಿ ಐದನೇ ಒಂದು ಪಾಲು ಏರಿದರೇ ಎಚ್ಚರಿಕೆಯ ಗಂಟೆ ಎಂದು ಅವರಿಗೆ ಪಾಠ ಮಾಡಿದವನು ನಾನೇ. ಜ್ವರ ಇಳಿಯುವ ದಿನವೇ ರಕ್ತನಾಳಗಳ ಗೋಡೆಯಿಂದ ನೀರಿನಂಶ ಜಿನುಗಿ ಎದೆ, ಹೊಟ್ಟೆಗೆ ಸೇರತೊಡಗುತ್ತದೆ. ನಾಳದಲ್ಲಿ ಉಳಿಯುವುದು ಗಟ್ಟಿಯಾದ, ಕಡಿಮೆಯಾದ ರಕ್ತ. ಯಂತ್ರ ರೋಗಿಯನ್ನು ಊರಿನ ಹೆಂಗಸರ ಸರಾಸರಿಗೆ ಹೋಲಿಸುತ್ತದೆ. ಆ ಹುಡುಗಿ ಕಾಕೂವನ್ನು ಕಾಕೂಗೆ ಹೋಲಿಸಿದ್ದಳು.

ಆಕೆ ಉತ್ತರಕ್ಕೆ ಕಾಯಲೂ ಇಲ್ಲ. ಪರದೆ ಎತ್ತಿ ಕಾಕೂವಿನ ಪಾದ ಮುಟ್ಟಿದಳು.

"ಕಾಲ ತಣ್ಣಗ ಅದಾವ್ರಿ ಸಿಸ್ಟರ್," ಎಂದಳು ವಾರ್ಡಿನ ಸಿಸ್ಟರ್ ಕಡೆ ತಿರುಗಿ. "ಮುಂಜಾನಿಂದ ಒಂದಕ್ಕ ಹೋಗಿಲ್ಲ."

ಸಿಸ್ಟರ್ ಬಿಪಿ ಪಟ್ಟಿ ಸುತ್ತಿದರು. ಒಂಬತ್ತು ಗಂಟೆಗೆ 110ಕ್ಕೆ 76 ಇದ್ದದ್ದು 98ಕ್ಕೆ 80 ಆಗಿತ್ತು. ನಾಡಿ 118. ಮೇಲಿನ ಅಂಕಿ ತೀರ ಕುಸಿದಿಲ್ಲವಲ್ಲ ಎಂದು ಒಬ್ಬಳು ಸಮಾಧಾನಪಟ್ಟುಕೊಳ್ಳಲು ಹೋದಳು. ಸಿಸ್ಟರ್ ಆಕೆಯ ತಲೆಗೆ ಮೆಲ್ಲಗೆ ತಟ್ಟಿದರು.

"ನಡುವಿನ ಅಂತರ ನೋಡ, ಹುಚ್ಚವ್ವ. ಹದಿನೆಂಟ. ಇಪ್ಪತ್ತರ ಕೆಳಗ ಬಂತಂದ್ರ ಶಾಕ್ ಹಾದಿ ಹಿಡದೈತಿ ಅಂತ ತಿಳಕೋ. ಡಾಕ್ಟರನ್ನ ಕರೀರಿ, ಓಡ್ರಿ!"

ಡಾಕ್ಟರು ಬಂದರು, ಎರಡು ಪುಟಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು, ಸಲೈನಿಗೆ ಬರೆದರು. ತೂಕದ ಲೆಕ್ಕಕ್ಕೆ ಇಷ್ಟು, ಮೊದಲ ಗಂಟೆ ಇಷ್ಟು ವೇಗ, ಆಮೇಲೆ ಪಿಸಿವಿ ನೋಡಿ ಬದಲಾಯಿಸುವುದು. ನನ್ನ ಥಲಸೀಮಿಯಾದ ಕಾಗದ ಮೇಜಿನ ಮೇಲೇ ಇತ್ತು. ಯಾರೋ ಅದರ ಮೇಲೆ ಹತ್ತಿಯ ಸುರುಳಿ ಇಟ್ಟರು.

ಆಗ ಕಾಕೂವಿನ ಗಂಡ ಬಂದ. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಟವೆಲ್ಲಿನ ತುದಿ ಹಿಂಡುತ್ತ, ಈ ಕಾಲದಲ್ಲಿ ಎಲ್ಲ ಗಂಡಂದಿರೂ ಕೇಳುವುದನ್ನೇ ಕೇಳಿದ.

"ಪ್ಲೇಟ್‌ಲೆಟ್ ಎಷ್ಟ ಅದಾವ್ರಿ?"

"ಐವತ್ನಾಕ ಸಾವಿರ್ರಿ ಕಾಕಾ," ಎಂದಳು ಹುಡುಗಿ.

"ಐವತ್ನಾಕ! ಪಪಾಯಿ ಎಲಿ ತರಲೇನ್ರಿ? ಪ್ಲೇಟ್‌ಲೆಟ್ ಏರಸ್ರಿ, ಇಲ್ಲಾಂದ್ರ ಬೆಳಗಾವಿಗೆ ಒಯ್ಯತೇನಿ."

"ರಕ್ತ ಎಲ್ಲೂ ಬರಾಕತ್ತಿಲ್ಲ, ಅದಕ್ಕ ಈಗ ಪ್ಲೇಟ್‌ಲೆಟ್ ಏರಸೂದ ಬ್ಯಾಡ ಅಂದಾರ ಡಾಕ್ಟರ್. ಆ ಅಂಕಿ ಬಿಡ್ರಿ ಕಾಕಾ. ನೀವ ಒಂದ ಕೆಲಸ ಮಾಡ್ರಿ." ಆಕೆ ಅವನ ಕೈಗೆ ಗುರುತು ಹಾಕಿದ ಪ್ಲಾಸ್ಟಿಕ್ ಜಗ್ಗು ಕೊಟ್ಟಳು. "ಕಾಕೂ ಒಂದಕ್ಕ ಹೋದ್ರ ಇದರಾಗ ಅಳೀಬೇಕು. ಎಷ್ಟ ಬಂತು, ಎಷ್ಟೊತ್ತಿಗೆ ಬಂತು, ನನಗ ಹೇಳ್ರಿ. ಅದ ಈಗ ಎಲ್ಲಾದಕ್ಕಿಂತ ದೊಡ್ಡದು."

ಅವನು ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಂಚದ ಪಕ್ಕ ನಿಂತ. ಹಾಗೆ ನಿಂತದ್ದು ನಿಜ, ಇದನ್ನು ನಾನು ಕಟ್ಟಿಕೊಂಡಿರಲಾರೆ.

ಹದಿನೈದು ನಿಮಿಷಕ್ಕೊಮ್ಮೆ ಬಿಪಿ, ನಾಡಿ. ಉಗುರು ಒತ್ತಿ ಬಿಟ್ಟು ಬಣ್ಣ ಎಷ್ಟು ಬೇಗ ಮರಳುತ್ತದೆಂದು ನೋಡುವುದು. ಬಿಪಿ ಪಟ್ಟಿಯ ಕೆಳಗೆ ಕೆಂಪು ಚುಕ್ಕೆ ಏಳುತ್ತಿದೆಯೇ ಎಂದು ತೋಳು ತಿರುಗಿಸಿ ನೋಡುವುದು. ಹುಡುಗಿಯರಿಗೆ ಕುಣಿದಿದ್ದಕ್ಕೆ ನಾಚಿಕೆಯಾಗಿತ್ತು, ಅದಕ್ಕೇ ಕೆಲಸ ಇನ್ನಷ್ಟು ಶಿಸ್ತಿನಿಂದ ನಡೆಯಿತು. ಎರಡು ಗಂಟೆಗೆ ಪೋಸ್ಟಿಂಗ್ ಮುಗಿಯಿತು, ಯಾರೂ ಹೋಗಲಿಲ್ಲ. ಪಿಸಿವಿ 36.9ಕ್ಕೆ ಇಳಿದಿತ್ತು. ಬಿಪಿಯ ಅಂತರ ಇಪ್ಪತ್ತಾರಕ್ಕೆ ಬಂದಿತ್ತು. ಮೂರು ಗಂಟೆಯ ಹೊತ್ತಿಗೆ ಕಾಕೂವಿನ ಗಂಡ ಜಗ್ಗನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು ಪಡಸಾಲೆಯಲ್ಲಿ ನಡೆದುಬಂದ.

"ನೂರಾ ಐವತ್ತರ ಗೆರಿ ಮುಟ್ಟೇತ್ರಿ ಅವ್ವಾರ!"

ವಾರ್ಡಿನಲ್ಲಿದ್ದ ಅಷ್ಟೂ ಜನ ಅವನ ಕೈಯನ್ನು ನೋಡಿದರು. ಪಕ್ಕದ ಮಂಚದ ಅಜ್ಜಿಯೊಬ್ಬಳು, ಏನೆಂದು ತಿಳಿಯದೆಯೇ, ಕೈ ಮುಗಿದಳು. ಹುಡುಗಿ ಜಗ್ಗನ್ನು ಬೆಳಕಿಗೆ ಹಿಡಿದು ನೋಡಿ ಚಾರ್ಟಿನಲ್ಲಿ ಬರೆದಳು.

"ಊರಿಗೆಲ್ಲಾ ತೋರ್ಸಿ ಬಾ," ಎಂದಳು ಕಾಕೂ ಪರದೆಯೊಳಗಿಂದ. "ನಾಚಿಕಿ ಅನ್ನೂದ ಇಲ್ಲ ಈ ಮನಿಶಾಗ."

ಆದರೆ ಅಲ್ಲಿಗೆ ಮುಗಿದಿರಲಿಲ್ಲ. ಮರುದಿನ ಪ್ಲೇಟ್‌ಲೆಟ್ 41,000ಕ್ಕೆ ಇಳಿದು ಗಂಡ ಮತ್ತೆ ಬೆಳಗಾವಿಯ ಮಾತೆತ್ತಿದ. ಪಿಸಿವಿ 33ರಲ್ಲಿತ್ತು, ಕೈಕಾಲು ಬೆಚ್ಚಗಿದ್ದವು. ಡಾಕ್ಟರು ಸಲೈನಿನ ವೇಗ ತಗ್ಗಿಸಿದರು. ಮೂರನೆಯ ದಿನದ ರಿಪೋರ್ಟು ಬಂದಾಗ ಹಿಮೋಗ್ಲೋಬಿನ್ 9.4, ಪಿಸಿವಿ 28.9.

ಹುಡುಗಿಯರಲ್ಲಿ ಒಬ್ಬಳು ಅತ್ತೇಬಿಟ್ಟಳು. ಈ ಸಲ ನಾನೂ ಹೆದರಿದೆ. ಹನ್ನೆರಡೂವರೆಯಿಂದ ಒಂಬತ್ತೂವರೆಗೆ, ಪ್ಲೇಟ್‌ಲೆಟ್ ಕಡಿಮೆಯಿರುವ ಹೆಂಗಸಿನಲ್ಲಿ. ಒಳಗೆಲ್ಲೋ ರಕ್ತ ಸೋರುತ್ತಿದ್ದರೆ? ಥಲಸೀಮಿಯಾದ ನಂತರ ನಾನು ಬಾಯಿ ಬಿಡುವುದಕ್ಕೆ ಅಂಜುತ್ತಿದ್ದೆ, ಆದರೂ ಕೇಳಿದೆ.

"ಬ್ಲೀಡಿಂಗ್ ಇರಬಹುದೇ?"

"ಅದನ್ನ ನೋಡಾಕತ್ತೇನ್ರಿ ಸರ," ಎಂದಳು ಉಗರಗೋಳದವಳು. ಆಕೆ ಆಗಲೇ ಕಾಕೂವಿನ ಒಸಡು ನೋಡುತ್ತಿದ್ದಳು. ಮಲ ಕಪ್ಪಾಗಿತ್ತೇ ಎಂದು ಕೇಳಿದಳು, ಇಲ್ಲ. ಹೊಟ್ಟೆ ನೋವು ನಿನ್ನೆಯೇ ಹೋಗಿತ್ತು. ನಾಡಿ 82. ಬಿಪಿ 112ಕ್ಕೆ 72. ಬೆಳಗಿನಿಂದ ಜಗ್ಗು ಮೂರು ಸಲ ತುಂಬಿತ್ತು. "ರಕ್ತ ಹೋಗಿದ್ರ ನಾಡಿ ಓಡತಿತ್ರಿ, ಒಂದಕ್ಕ ಕಡಿಮಿ ಆಗತಿತ್ತು. ಹೊರಗ ಹೋಗಿದ್ದ ನೀರ ತಿರುಗಿ ಒಳಗ ಬಂದೈತಿ. ಪ್ಲೇಟ್‌ಲೆಟ್ ನೋಡ್ರಿ, ಎಪ್ಪತ್ತೆರಡ ಆಗೇತಿ."

ಡಾಕ್ಟರು ಸಲೈನ್ ನಿಲ್ಲಿಸಿದರು. ಈಗಲೂ ಹಾಕುತ್ತ ಹೋದರೆ ಮರಳಿ ಬರುವ ನೀರೂ ಸೇರಿ ಶ್ವಾಸಕೋಶಕ್ಕೆ ಹೊರೆಯಾಗುತ್ತದೆ, ಉಸಿರಿನ ಮೇಲೆ ಕಣ್ಣಿಡಿ ಎಂದು ಹುಡುಗಿಯರಿಗೆ ಹೇಳಿದರು. ಹನ್ನೆರಡಕ್ಕೆ ಕುಣಿದವರು ಒಂಬತ್ತಕ್ಕೆ ಅಳುತ್ತಿದ್ದರು, ಆಗಬೇಕಾದದ್ದು ಅದರ ತಿರುಗುಮುರುಗು. ಅಷ್ಟರಲ್ಲಿ ಕಾಕೂ ಎದ್ದು ಕುಳಿತಿದ್ದಳು.

"ಇಷ್ಟೆಲ್ಲಾ ರಾಮಾಯಣ ಮಾಡಿ ಮತ್ತ ಒಂಬತ್ತ ಏನವಾ? ನಾ ಹೋಳಿಗಿ ಮಾಡಂಗಿಲ್ಲ ನೋಡ್ರಿ."

"ಮಾಡಬ್ಯಾಡ್ರಿ," ಎಂದಳು ಹುಡುಗಿ. "ಆ ಗುಳಿಗಿ ಹೆಂಗ ತಗೋತೀರಿ, ಅದನ್ನ ಹೇಳ್ರಿ ಮದಲ."

"ಹೆಂಗಂದ್ರ? ಚಾದ ಜೋಡಿ. ಬರೇ ನೀರಾಗ ಕಬ್ಬಿಣ ನೆಕ್ಕಿದಂಗ ಆಗತೈತಿ."

ನಾನು ಆಗ ಎಲ್ಲಿ ನಿಂತಿದ್ದೆನೋ ಗೊತ್ತಿಲ್ಲ. ಆ ಮಾತು ಕೇಳಿದ್ದು ಮಾತ್ರ ಖಚಿತ, ಏಕೆಂದರೆ ಇಂದಿಗೂ ಅದು ಚುಚ್ಚುತ್ತದೆ. ಚಹಾ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಬಿಡುತ್ತದೆ ಎಂಬುದು ನನ್ನದೇ ಪಾಠದ ಒಂದು ಸಾಲು. ನಾಲ್ಕು ಬ್ಯಾಚು ಕಾಕೂವಿನ ತೋಳಿನಿಂದ ರಕ್ತಹೀನತೆ ಕಲಿತವು. ಯಾರೂ, ಎಲ್ಲರಿಗಿಂತ ಮೊದಲು ನಾನು, ಗುಳಿಗೆಯ ಜೊತೆ ಆಕೆ ಏನು ಕುಡಿಯುತ್ತಾಳೆಂದು ಕೇಳಿರಲಿಲ್ಲ. ತಿಂಗಳ ಮುಟ್ಟು ಎಷ್ಟು ದಿನ ಇರುತ್ತದೆಂದೂ ಕೇಳಿರಲಿಲ್ಲ. ಅದನ್ನೂ ಆ ಹುಡುಗಿಯೇ ಕೇಳಿದಳು, ನನ್ನನ್ನು ಆಚೆ ಕಳಿಸಿ.

ರೆಕಾರ್ಡು ಸಿಕ್ಕ ಮೇಲೆ ಆಕೆಗೆ ಫೋನು ಮಾಡಿದೆ. ಈಗ ರಾಮದುರ್ಗದಲ್ಲಿ ಸ್ಟಾಫ್ ನರ್ಸ್. ತಪ್ಪೊಪ್ಪಿಗೆಗೆ ನಾನು ಮಾತು ಜೋಡಿಸಿಕೊಂಡಿದ್ದೆ.

"ಅದನ್ನ ನೀವ ಹೇಳಿದ್ರಲ್ರಿ ಸರ," ಎಂದಳು. "ಮಂದಿ ಜೋಡಿ ಹೋಲಸಬ್ಯಾಡ್ರಿ, ರೋಗಿ ಹಳೇ ರಿಪೋರ್ಟ್ ಹುಡುಕ್ರಿ ಅಂತ. ನಾ ಹುಡುಕಿದೆ ಅಷ್ಟ."

"ನಾನು ಹಾಗೆ ಹೇಳಿದ್ದೆನೇ?"

"ಹೇಳಿರಬೇಕ್ರಿ. ಇಲ್ಲಾಂದ್ರ ನನಗ ಹೆಂಗ ಗೊತ್ತಾಗತಿತ್ತು?"

ಇದಕ್ಕೆ ಪುರಾವೆ ಇಲ್ಲ. ಆಕೆಯ ರೆಕಾರ್ಡಿನ ಪಾಠದ ಪುಟಗಳನ್ನೆಲ್ಲ ತಿರುವಿ ನೋಡಿದೆ, ಆ ಮಾತು ಎಲ್ಲೂ ಸಿಗಲಿಲ್ಲ. ಒಳ್ಳೆಯ ಹುಡುಗಿಯರು ಮಾಸ್ತರರಿಗೆ ಇಂಥದ್ದನ್ನೆಲ್ಲ ಬಿಟ್ಟುಕೊಡುತ್ತಾರೆ.

ಕಾಕೂವನ್ನೂ ಕೇಳಿದೆ. ರೊಟ್ಟಿ ತಿರುವಿ ಹಾಕುತ್ತ ನನ್ನ ಮುಖ ನೋಡಿದಳು. "ನೀವ ಎಲ್ಲಿ ಇದ್ರಿ ಮಾಸ್ತರ ಆವತ್ತ? ನಾ ನೋಡೇ ಇಲ್ಲ."

ಬಾಗಿಲು ಹಾಗೇ ಇದೆ. 9.2ರ ಕೆಳಗೆ ಒಂದು ಒದ್ದೆ ಕೈಯಿಂದ ಒರೆಸಿದ ಗುರುತು. ಬಗ್ಗಿ ನೋಡಿದರೆ 12 ಮತ್ತು ಅದರ ಪಕ್ಕ ಖುಷಿಗೆ ಬಿಡಿಸಿದ್ದ ಹೂವಿನ ಒಂದು ಎಸಳು ಕಾಣುತ್ತದೆ. ಅದರ ಕೆಳಗೆ ಬೇರೆ ಅಕ್ಷರದಲ್ಲಿ 9.4, ಪಕ್ಕದಲ್ಲಿ ಪಿಸಿವಿ, ಎಂಸಿವಿ. ಆಮೇಲಿನ ಸಾಲುಗಳಲ್ಲಿ 10.3, 11.1, ನಂತರ 12.2, ಅದರ ಪಕ್ಕ ಎಂಸಿವಿ 83. ಆ ಬ್ಯಾಚಿಗೆ ಹೋಳಿಗೆ ಸಿಕ್ಕಿತು. ನಾನೂ ತಿಂದೆನೆಂದು ನೆನಪು. ಕಾಕೂ ಒಪ್ಪುವುದಿಲ್ಲ, ನಾನು ಬೇರೆ ಕೆಲಸಕ್ಕೆ ಅರ್ಜಿ ಕೊಡಲೆಂದು ಧಾರವಾಡಕ್ಕೆ ಹೋಗಿದ್ದೆನಂತೆ.

ಮೊನ್ನೆ ಹೊಸ ಬ್ಯಾಚನ್ನು ಕರೆದುಕೊಂಡು ಹೋಗಿದ್ದೆ. ಕಾಕೂ ಒಲೆಯ ಪಕ್ಕ ಕುಳಿತು ಎಡಗೈ ಚಾಚಿದಳು. ಚಾಚಿದವಳು ಸೂಜಿ ಹಿಡಿದ ಹುಡುಗಿಯನ್ನು ತಡೆದಳು.

"ಮದಲ ಬಾಗಲಾ ಓದ ಹೋಗ," ಎಂದಳು. "ಆಮ್ಯಾಲ ಚುಚ್ಚೀಯಂತ."